ಸೋದರಮಾವನಿಗೂ ಇದ್ದ ಅದೇ ವಂಶವಾಹಿ

ಒಂಬತ್ತು ವಾರದ ಗರ್ಭಿಣಿಯೊಬ್ಬಳ ರಕ್ತಪರೀಕ್ಷೆಯ ರಿಪೋರ್ಟ್ ಹೀಗಿದೆ ಎಂದುಕೊಳ್ಳಿ. ಹಿಮೋಗ್ಲೋಬಿನ್ 10.6 ಗ್ರಾಂ. ಕೆಂಪು ರಕ್ತಕಣಗಳ ಸಂಖ್ಯೆ 53 ಲಕ್ಷ. ಎಂಸಿವಿ, ಅಂದರೆ ಒಂದೊಂದು ಕಣದ ಸರಾಸರಿ ಗಾತ್ರ, 63. 'ರಕ್ತ ಕಮ್ಮಿ ಇದೆಯಮ್ಮಾ, ಕಬ್ಬಿಣದ ಮಾತ್ರೆ ತಗೋ' ಎಂದು ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಈ ರಿಪೋರ್ಟಿನಲ್ಲಿ ಒಂದು ಎಡವಟ್ಟಿದೆ. ಕಬ್ಬಿಣಾಂಶ ಸಾಲದವರಲ್ಲಿ ಕಣಗಳು ಚಿಕ್ಕದಾಗುವುದರ ಜೊತೆಗೆ ಅವುಗಳ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಇಲ್ಲಿ ಕಣಗಳು ತೀರಾ ಚಿಕ್ಕವು, ಸಂಖ್ಯೆಗೆ ಮಾತ್ರ ಕೊರತೆಯಿಲ್ಲ. ಸಂಖ್ಯೆಯನ್ನು ದಶಲಕ್ಷದ ಲೆಕ್ಕದಲ್ಲಿ 5.3 ಎಂದಿಟ್ಟುಕೊಂಡು 63ನ್ನು ಅದರಿಂದ ಭಾಗಿಸಿದರೆ 12ರ ಆಸುಪಾಸು ಬರುತ್ತದೆ. ಉತ್ತರ 13ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಥಲಸ್ಸೇಮಿಯಾ ವಾಹಕತ್ವವನ್ನು ಶಂಕಿಸುತ್ತಾರೆ.

ಇದು ಸುಳಿವು ಮಾತ್ರ. ಖಚಿತಪಡಿಸಲು ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ ಬೇಕು. ರಕ್ತದಲ್ಲಿರುವ ಬೇರೆ ಬೇರೆ ಬಗೆಯ ಹಿಮೋಗ್ಲೋಬಿನ್ ಎಷ್ಟೆಷ್ಟಿದೆ ಎಂದು ಅದು ಬಿಡಿಸಿ ತೋರಿಸುತ್ತದೆ. 'ಎ2' ಎಂಬ ಬಗೆ ಶೇ 3.5ನ್ನು ದಾಟಿದ್ದರೆ ಆಕೆ ಬೀಟಾ ಥಲಸ್ಸೇಮಿಯಾದ ವಾಹಕಿ. ನಮ್ಮ ಗರ್ಭಿಣಿಯಲ್ಲಿ ಅದು ಶೇ 5.2. ಜೊತೆಗೆ ನಿಜವಾದ ಕಬ್ಬಿಣದ ಕೊರತೆಯೂ ಇದ್ದರೆ ಎ2 ಸ್ವಲ್ಪ ತಗ್ಗಿ, ವಾಹಕತ್ವ ಕಣ್ತಪ್ಪಿ ಹೋಗಬಹುದು. ಗಡಿಯ ಹತ್ತಿರದ ಅಂಕಿ ಬಂದಾಗ ಕೊರತೆ ನೀಗಿಸಿ ಮತ್ತೆ ನೋಡುವುದು, ಇಲ್ಲವೇ ನೇರವಾಗಿ ಡಿಎನ್‌ಎ ಪರೀಕ್ಷೆ ಮಾಡಿಸುವುದು ಅದಕ್ಕೇ.

ಅವಳಿಗೆ ಕಾಯಿಲೆಯೇನೂ ಇಲ್ಲ. ಇಷ್ಟು ದಿನ ಓದಿದ್ದಾಳೆ, ಓಡಾಡಿದ್ದಾಳೆ, ಯಾವ ತೊಂದರೆಯೂ ಕಾಣಿಸಿಕೊಂಡಿಲ್ಲ. ದೊಡ್ಡವರ ಹಿಮೋಗ್ಲೋಬಿನ್ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳು ಸೇರಿ ಆದದ್ದು. ಬೀಟಾ ಸರಪಳಿಯನ್ನು ಮಾಡಿಸುವ ವಂಶವಾಹಿ 11ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿಗಳಿರುತ್ತವೆ. ವಾಹಕರಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ದುಡಿಯುತ್ತದೆ. ಒಂದೊಂದು ಕಣಕ್ಕೂ ಸಿಗುವ ಹಿಮೋಗ್ಲೋಬಿನ್ ಕಡಿಮೆಯಾಗಿ ಕಣ ಚಿಕ್ಕದಾಗುತ್ತದೆ. ಮೂಳೆಮಜ್ಜೆ ಹೆಚ್ಚು ಕಣಗಳನ್ನು ಹುಟ್ಟಿಸಿ ಸರಿದೂಗಿಸುತ್ತದೆ. ಜೋಡಿ ಸಿಗದೆ ಉಳಿದ ಒಂದಿಷ್ಟು ಆಲ್ಫಾ ಸರಪಳಿಗಳನ್ನು ಕಣವೇ ಒಡೆದು ವಿಲೇವಾರಿ ಮಾಡಿಕೊಳ್ಳುತ್ತದೆ. ಆಗ ಉಳಿಯುವುದು ಸೌಮ್ಯ ರಕ್ತಹೀನತೆ ಮಾತ್ರ. ಬಸುರಿನಲ್ಲಿ ಅದು ಇನ್ನೂ ಸ್ವಲ್ಪ ಇಳಿಯಬಹುದು.

ಈ ವಂಶವಾಹಿ ಇಷ್ಟು ಕಾಲ ಉಳಿದು ಬಂದದ್ದಕ್ಕೂ ಕಾರಣವಿದೆ. ವಾಹಕರಿಗೆ ಮಲೇರಿಯಾದ ವಿರುದ್ಧ ಒಂದಿಷ್ಟು ರಕ್ಷಣೆ ಇರಬಹುದೆಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲೇ ಊಹಿಸಿದ್ದರು. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಮಲೇರಿಯಾ ಕಾಡುತ್ತಿದ್ದ ತಗ್ಗುಪ್ರದೇಶದ ಹಳ್ಳಿಗಳಲ್ಲಿ ವಾಹಕರು ಹೆಚ್ಚು, ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಕಡಿಮೆ ಇದ್ದದ್ದು ಆಮೇಲೆ ಗೊತ್ತಾಯಿತು.

ಈಗ ಗಂಡನ ರಕ್ತ ನೋಡಬೇಕು. ಅವನು ವಾಹಕನಲ್ಲದಿದ್ದರೆ ಚಿಂತೆಯಿಲ್ಲ: ಮಗು ವಾಹಕವಾಗುವ ಸಂಭವ ಅರ್ಧಕ್ಕರ್ಧ, ತೀವ್ರ ಕಾಯಿಲೆ ಬರುವುದಿಲ್ಲ. ಭಾರತದಲ್ಲಿ ನೂರಕ್ಕೆ ಸುಮಾರು ಮೂರು-ನಾಲ್ಕು ಮಂದಿ ಬೀಟಾ ವಾಹಕರು; ಸಿಂಧಿ, ಪಂಜಾಬಿ, ಗುಜರಾತಿನ ಲೋಹಾಣರಂಥ ಸಮುದಾಯಗಳಲ್ಲಿ ಪ್ರಮಾಣ ಜಾಸ್ತಿ. ಹಾಗಾಗಿ ಸಂಬಂಧವಿಲ್ಲದ ಹುಡುಗನಾಗಿದ್ದರೆ ಅವನೂ ವಾಹಕನಾಗಿರುವ ಸಂಭವ ಅಷ್ಟೇ, ನೂರಕ್ಕೆ ಮೂರೋ ನಾಲ್ಕೋ. ಆದರೆ ಇವಳು ಕೈಹಿಡಿದಿರುವುದು ಸೋದರಮಾವನನ್ನು. ಲೆಕ್ಕ ಬದಲಾಗುವುದು ಇಲ್ಲಿ. ಅವಳ ಕೆಟ್ಟ ಪ್ರತಿ ತಾಯಿಯ ಕಡೆಯಿಂದ ಬಂದಿರುವ ಸಂಭವ ಅರ್ಧ. ತಾಯಿಯಲ್ಲಿದ್ದರೆ ಅದು ಅಜ್ಜ ಅಥವಾ ಅಜ್ಜಿಯಿಂದ ಬಂದದ್ದೇ. ಅದೇ ಪ್ರತಿ ತಾಯಿಯ ತಮ್ಮನಿಗೂ ಬಂದಿರುವ ಸಂಭವ ಮತ್ತೆ ಅರ್ಧ. ಅರ್ಧದಲ್ಲಿ ಅರ್ಧ ಎಂದರೆ ಕಾಲು, ನೂರಕ್ಕೆ ಇಪ್ಪತ್ತೈದು. ಅತ್ತೆಯ ಮಗನನ್ನೋ ಮಾವನ ಮಗನನ್ನೋ ಮದುವೆಯಾಗಿದ್ದರೆ ಸುಮಾರು ಹನ್ನೆರಡೂವರೆ. ಕರ್ನಾಟಕದ ಅನೇಕ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. 'ನಮ್ಮ ವಂಶದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ' ಎಂಬ ಮಾತು ಇಲ್ಲಿ ಧೈರ್ಯ ಕೊಡಲಾರದು. ವಾಹಕರು ಕಾಯಿಲೆ ಬೀಳುವುದೇ ಇಲ್ಲವಲ್ಲ, ಮೂರು ತಲೆಮಾರು ಕಳೆದರೂ ಯಾರಿಗೂ ತಿಳಿಯುವುದಿಲ್ಲ.

ಗಂಡನ ಎ2 ಶೇ 5.4 ಬಂತು ಎಂದುಕೊಳ್ಳೋಣ. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಎರಡೂ ಒಳ್ಳೆಯ ಪ್ರತಿಗಳು ಸಿಗುವ ಸಂಭವ ಒಂದು. ಮೊದಲ ಮಗುವಿಗೆ ಕಾಯಿಲೆ ಬಂತು, ಇನ್ನು ಮೂರು ಮಕ್ಕಳು ಕ್ಷೇಮ ಎಂದು ಎಣಿಸುವವರಿದ್ದಾರೆ. ಹಾಗಲ್ಲ, ಪ್ರತಿ ಸಲವೂ ಚೀಟಿ ಹೊಸದಾಗಿಯೇ ಎತ್ತಬೇಕು. ಒಂಬತ್ತನೇ ವಾರದಲ್ಲಿ ತಿಳಿದದ್ದರಿಂದ ಈ ದಂಪತಿಗೆ ಸಮಯವಿದೆ. ಹತ್ತರಿಂದ ಹನ್ನೆರಡನೇ ವಾರದೊಳಗೆ ಮಾಸುಚೀಲದ ಚಿಕ್ಕ ತುಣುಕು ತೆಗೆದು ಡಿಎನ್‌ಎ ಪರೀಕ್ಷಿಸಿದರೆ ಮಗುವಿನ ಸ್ಥಿತಿ ತಿಳಿಯುತ್ತದೆ.

ಎರಡೂ ಪ್ರತಿ ಕೆಟ್ಟಿರುವ ಮಗು ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಇರುತ್ತದೆ. ಗರ್ಭದಲ್ಲಿರುವಾಗಿನ ಹಿಮೋಗ್ಲೋಬಿನ್‌ನಲ್ಲಿ ಬೀಟಾದ ಬದಲು ಗಾಮಾ ಸರಪಳಿ ಇರುವುದರಿಂದ ಕೆಲವು ತಿಂಗಳು ಅದರಲ್ಲೇ ಸಾಗುತ್ತದೆ. ಆರು ತಿಂಗಳ ಹೊತ್ತಿಗೆ ಗಾಮಾ ಮುಗಿದು ಬೀಟಾ ಬರಬೇಕು, ಬರುವುದಿಲ್ಲ. ಮಗು ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯಲು ಸುಸ್ತಾಗುತ್ತದೆ, ಗುಲ್ಮ ಊದಿ ಹೊಟ್ಟೆ ದಪ್ಪವಾಗುತ್ತದೆ.

ರಕ್ತ ಸಾಲದಿರುವುದಷ್ಟೇ ತೊಂದರೆಯಲ್ಲ. ಜೋಡಿಯಿಲ್ಲದ ಆಲ್ಫಾ ಸರಪಳಿಗಳು ಈಗ ವಿಲೇವಾರಿಗೆ ಸಿಗದಷ್ಟು ರಾಶಿ ಬಿದ್ದು ಗಂಟುಕಟ್ಟುತ್ತವೆ. ಎಳೆಯ ಕಣಗಳು ಮಜ್ಜೆಯೊಳಗೇ ಸಾಯುತ್ತವೆ. ದೇಹ ಇನ್ನಷ್ಟು ಹುಟ್ಟಿಸು ಎಂದು ಮಜ್ಜೆಯನ್ನು ಒತ್ತಾಯಿಸುತ್ತಲೇ ಇರುತ್ತದೆ. ಮಜ್ಜೆ ಉಬ್ಬಿ ಹಣೆ, ಕೆನ್ನೆಯ ಮೂಳೆಗಳು ಮುಂದೆ ಬರುತ್ತವೆ, ಉಳಿದ ಮೂಳೆಗಳು ಟೊಳ್ಳಾಗಿ ಮುರಿಯುತ್ತವೆ. ಆದ್ದರಿಂದ ರಕ್ತ ಕೊಡುವುದರ ಉದ್ದೇಶ ಎರಡು: ಆಮ್ಲಜನಕ ಸಾಗಿಸುವುದು, ಜೊತೆಗೆ ಮಜ್ಜೆಯ ಈ ವ್ಯರ್ಥ ದುಡಿಮೆಯನ್ನು ತಣ್ಣಗಾಗಿಸುವುದು. ರಕ್ತ ಹಾಕಿಸುವ ಮುಂಚಿನ ಹಿಮೋಗ್ಲೋಬಿನ್ ಕೂಡ 9.5ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಇದಕ್ಕೇ. ಕೊಟ್ಟ ಕಣಗಳು ತಮ್ಮ ಆಯುಸ್ಸು ಮುಗಿಸಿ ಸಾಯುತ್ತವೆ, ಮಗುವಿನ ಸ್ವಂತ ವಂಶವಾಹಿ ಹಾಗೆಯೇ ಇರುತ್ತದೆ. ಎರಡರಿಂದ ಐದು ವಾರಕ್ಕೊಮ್ಮೆ ಮತ್ತೆ ಬಾಟಲಿ ಏರಿಸಲೇಬೇಕು.

ಜೀವ ಉಳಿಸುವ ಈ ರಕ್ತವೇ ಬೇರೊಂದು ಅಪಾಯ ತರುತ್ತದೆ. ಒಂದು ಯೂನಿಟ್ಟಿನಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿದೆ. ಮೂರು ವಾರಕ್ಕೊಂದರಂತೆ ವರ್ಷಕ್ಕೆ ಹದಿನೇಳು ಯೂನಿಟ್ ಎಂದರೆ ಮೂರೂವರೆ ಗ್ರಾಂ ಹತ್ತಿರ. ಬೆಳೆದ ಗಂಡಸಿನ ಇಡೀ ದೇಹದಲ್ಲಿರುವುದೇ ಹೆಚ್ಚುಕಡಿಮೆ ಅಷ್ಟು. ದೇಹ ತಾನಾಗಿ ಹೊರಹಾಕಬಲ್ಲದ್ದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಮಿಕ್ಕದ್ದು ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಜಮೆಯಾಗುತ್ತದೆ. ಸರಿಯಾದ ಔಷಧಿ ಸಿಗದಿದ್ದ ಕಾಲದಲ್ಲಿ ರಕ್ತ ಹಾಕಿಸಿಕೊಳ್ಳುತ್ತಿದ್ದ ಮಕ್ಕಳು ಹದಿಹರೆಯದಲ್ಲೇ ಹೃದಯ ಸೋತು ಸಾಯುತ್ತಿದ್ದರು. ಕಬ್ಬಿಣವನ್ನು ಹಿಡಿದು ಹೊರಗೆಳೆಯುವ ಡೆಸ್‌ಫೆರಿಯಾಕ್ಸಮಿನ್ ಅನ್ನು ಚಿಕ್ಕ ಪಂಪಿನಿಂದ ಚರ್ಮದಡಿ ರಾತ್ರಿಯಿಡೀ, ವಾರದಲ್ಲಿ ಐದಾರು ರಾತ್ರಿ ಹರಿಸಬೇಕಿತ್ತು. ಬೆಳಗ್ಗೆ ಮೂತ್ರ ಕೆಂಪಗೆ ಬಂದರೆ ಕಬ್ಬಿಣ ಹೋಗುತ್ತಿದೆ ಎಂದರ್ಥ. ಈಗ ಡೆಫೆರಾಸಿರಾಕ್ಸ್‌ನಂಥ ಮಾತ್ರೆಗಳಿವೆ. ತೊಂದರೆ ಕಾಣಿಸದ ಕಾರಣ ಮಾತ್ರೆ ತಪ್ಪಿಸುವ ಹುಡುಗರೂ ಇದ್ದಾರೆ. ರಕ್ತದ ಫೆರಿಟಿನ್ 1000ದ ಗಡಿ ದಾಟಿ ಏರುತ್ತಾ ಹೋಗುವುದರಿಂದ ಅದು ಪತ್ತೆಯಾಗುತ್ತದೆ.

ಸಾಮಾನ್ಯವಾಗಿ ಬಾಟಲಿಯಿಂದ ಬಿಡುಗಡೆ ಕೊಡುವುದು ಮೂಳೆಮಜ್ಜೆ ಕಸಿ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಂಭವವೂ ನಾಲ್ಕರಲ್ಲಿ ಒಂದೇ. ಹೊಂದುವ ಅಣ್ಣನೋ ತಂಗಿಯೋ ವಾಹಕರಾಗಿದ್ದರೂ ಅಡ್ಡಿಯಿಲ್ಲ, ಒಂದು ಒಳ್ಳೆಯ ಪ್ರತಿ ಸಾಕಲ್ಲ. ಕಸಿ ಫಲಿಸಿದರೆ ಮಗುವಿನ ರಕ್ತ ಆ ವಾಹಕನ ರಕ್ತದಂತಾಗುತ್ತದೆ. ಬದಲಾಗುವುದು ರಕ್ತ ಮಾತ್ರ. ಅಂಡಾಣು, ವೀರ್ಯಾಣುಗಳಲ್ಲಿ ಹಳೆಯ ವಂಶವಾಹಿಯೇ ಉಳಿದಿರುತ್ತದೆ. ಹಾಗಾಗಿ ಗುಣವಾಗಿ ದೊಡ್ಡವರಾದವರಿಗೆ ಹುಟ್ಟುವ ಮಕ್ಕಳೆಲ್ಲ ಕನಿಷ್ಠ ವಾಹಕರಂತೂ ಆಗಿಯೇ ಇರುತ್ತಾರೆ. ಅವರ ಮದುವೆ ಮಾತುಕತೆಯಲ್ಲಿ ಎದುರು ಕಡೆಯವರ ಎ2 ಎಷ್ಟು ಎಂದು ಕೇಳಲೇಬೇಕಾಗುತ್ತದೆ.