ದವಡೆಯ ಕೆಳಗಿನ ಸುಳಿ

ಗಡ್ಡ ಬೋಳಿಸಿದ ಮರುದಿನ ಕೆನ್ನೆ ನುಣ್ಣಗೇ ಇರುತ್ತದೆ. ದವಡೆಯ ಕೆಳಗೆ ಮಾತ್ರ ಕೆಂಪು ಗುಳ್ಳೆ ಎದ್ದಿರುತ್ತದೆ. ಪಕ್ಕದಲ್ಲೇ ಬ್ಲೇಡಿಗೆ ಸಿಗದ ಕೂದಲು ತೇಪೆ ತೇಪೆಯಾಗಿ ಉಳಿದಿರುತ್ತದೆ. ಎರಡರ ಹಿಂದೆಯೂ ಹೆಚ್ಚಾಗಿ ಇರುವುದು ಕೂದಲಿನ ದಿಕ್ಕು. ಕೆನ್ನೆಯ ಕೂದಲು ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯದು ಹಾಗಲ್ಲ. ಅದು ಅಡ್ಡಕ್ಕೆ ಬೆಳೆಯಬಹುದು, ಮೇಲಕ್ಕೆ ಬೆಳೆಯಬಹುದು, ಸುಳಿಯನ್ನೂ ಕಟ್ಟಬಹುದು.

ಉಳಿದ ತೇಪೆ ಕೈಗೆ ತಾಕಿದಾಗ ಚರ್ಮ ಬಿಗಿಯಾಗಿ ಎಳೆದು ಉಲ್ಟಾ ಹೊಡೆಯುವುದು ಬಹಳ ಜನರ ರೂಢಿ. ತೊಂದರೆ ಶುರುವಾಗುವುದೇ ಅಲ್ಲಿ. ಎಳೆದ ಚರ್ಮ ಸಡಿಲವಾದಾಗ ಕತ್ತರಿಸಿದ ಕೂದಲು ಒಳಗೆ ಸರಿಯುತ್ತದೆ. ಅದರ ತುದಿ ಚೂಪು. ಗುಂಗುರು ಕೂದಲಾದರೆ ಬಾಗಿ ಚರ್ಮವನ್ನೇ ಚುಚ್ಚುತ್ತದೆ, ಆ ಜಾಗ ಊದಿಕೊಳ್ಳುತ್ತದೆ. ಹೀಗೆ ಎದ್ದ ಗುಳ್ಳೆಗೆ ಸೋಪು ಹಾಕಿ ತಿಕ್ಕಿದರೆ ಉರಿ ಹೆಚ್ಚುತ್ತದೆಯೇ ಹೊರತು ಗುಳ್ಳೆ ಹೋಗುವುದಿಲ್ಲ.

ಎಡದವಡೆಯ ಕೆಳಗೆ ಸುಳಿ ಇರುವವರು ಹೀಗೆ ಮಾಡಬೇಕು. ಎರಡು ದಿನ ಗಡ್ಡ ಬಿಟ್ಟು, ಬೆರಳಿನಿಂದ ನಾಲ್ಕೂ ಕಡೆ ಸವರಿ ನೋಡಿ. ನುಣ್ಣಗೆ ಜಾರುವ ಕಡೆಯೇ ಕೂದಲಿನ ದಿಕ್ಕು. ಸ್ನಾನವಾದ ಮೇಲೆ ನೊರೆ ಹಚ್ಚಿ ಎರಡು ಮೂರು ನಿಮಿಷ ಬಿಡಿ, ಕೂದಲು ಮೆತ್ತಗಾಗುತ್ತದೆ. ಗುಳ್ಳೆಯ ಕಾಟ ಇರುವವರಿಗೆ ಒಂದೇ ಬ್ಲೇಡಿನ ರೇಜರ್ ಮೇಲು. ಮುಖವನ್ನು ಬಲಕ್ಕೆ ತಿರುಗಿಸಿ ಗದ್ದ ಸ್ವಲ್ಪ ಎತ್ತಿದರೆ ದವಡೆಯಡಿಯ ತಗ್ಗು ತಾನಾಗಿ ಸಮವಾಗುತ್ತದೆ. ಸುಳಿಯ ಮೇಲ್ಭಾಗದಲ್ಲಿ ಕೆಳಕ್ಕೆ, ಪಕ್ಕದಲ್ಲಿ ಕಿವಿಯ ಕಡೆಗೆ, ಹೀಗೆ ಕೂದಲು ಹೋದತ್ತ ಒತ್ತದೆ ಚಿಕ್ಕ ಚಿಕ್ಕದಾಗಿ ರೇಜರ್ ಎಳೆಯಿರಿ. ಪ್ರತಿ ಸಲ ಬ್ಲೇಡ್ ತೊಳೆಯಿರಿ. ಇನ್ನೂ ಉಳಿದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಒಮ್ಮೆ ಎಳೆದರೆ ಸಾಕು. ಸಂಜೆಗೆ ತುಸು ಒರಟಾದರೂ ಅಷ್ಟಕ್ಕೇ ಬಿಡುವುದು ನನ್ನ ಮಟ್ಟಿಗೆ ಸರಿಯಾದ ಲೆಕ್ಕ. ಸಲೂನಿನಲ್ಲಾದರೆ ಹೊಸ ಬ್ಲೇಡ್ ಕೇಳಿ, ಕುತ್ತಿಗೆಗೆ ಉಲ್ಟಾ ಬೇಡ ಎಂದು ಮೊದಲೇ ಹೇಳಿ.

ಆಮೇಲೆ ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಪಟಿಕ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ಒಳಗೆ ಬಾಗಿದ ಕೂದಲನ್ನು ಅದು ಹೊರಗೆ ತರಲಾರದು. ಚುರುಗುಟ್ಟುವ ಆಲ್ಕೋಹಾಲಿನ ಆಫ್ಟರ್‌ಶೇವ್ ಚರ್ಮವನ್ನು ಒಣಗಿಸುತ್ತದೆ.

ಈಗಾಗಲೇ ಗುಳ್ಳೆ ತುಂಬಿದ್ದರೆ ಸುಮಾರು ಒಂದು ತಿಂಗಳು ಬ್ಲೇಡ್ ಮುಟ್ಟಬೇಡಿ. ಟ್ರಿಮ್ಮರಿನಲ್ಲಿ 1 ಮಿ.ಮೀ. ಉಳಿಸಿ ಕತ್ತರಿಸಿದರೆ ಸಾಕು. ಬೆಳೆಯುತ್ತಾ ಕೂದಲು ತಾನೇ ಹೊರಬರುತ್ತದೆ. ಚಿಮಟದಿಂದ ಕೀಳಬೇಡಿ, ಮುಂದಿನ ಕೂದಲು ಒಳಗೇ ಚುಚ್ಚಬಹುದು. ಕೀವು ತುಂಬಿದರೆ ಅಥವಾ ಗಂಟು ಗಟ್ಟಿಯಾಗುತ್ತಾ ಹೋದರೆ ಚರ್ಮದ ವೈದ್ಯರಿಗೆ ತೋರಿಸಿ. ಗಡ್ಡದ ನಡುವೆ ನಾಣ್ಯದಗಲ ಕೂದಲೇ ಇಲ್ಲದ ನುಣುಪು ಜಾಗ ಕಂಡರೂ ಅವರಲ್ಲಿಗೇ ಹೋಗಬೇಕು. ಅದು ಬೋಳಿಸುವ ರೀತಿಯಿಂದ ಬಂದದ್ದಲ್ಲ.