ಕಂಪನಿ ವಿಮೆಯ ಮೇಲೆ ಸೂಪರ್ ಟಾಪ್‌ಅಪ್: ನಡುವಿನ ಅಂತರ ತುಂಬುವವರು ಯಾರು?

ದಾವಣಗೆರೆ: ಹರಿಹರದ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ ಕೆಲಸಕ್ಕಿರುವ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಲಕ್ಷದ ಕಂಪನಿ ಆರೋಗ್ಯ ವಿಮೆ ಇರುತ್ತದೆ. ಇಂದಿನ ಆಸ್ಪತ್ರೆ ಬಿಲ್ಲಿಗೆ ಅದು ಸಾಲದು ಎಂದು ಎಲ್ಲರಿಗೂ ಗೊತ್ತು. ಆಗ ಏಜೆಂಟರು ತೋರಿಸುವ ಸುಲಭ ದಾರಿ ಸೂಪರ್ ಟಾಪ್‌ಅಪ್. ಅದೇ ಮೊತ್ತದ ಮೂಲ ಪಾಲಿಸಿಗೆ ಹೋಲಿಸಿದರೆ ಇದರ ಪ್ರೀಮಿಯಂ ಬಹಳ ಕಡಿಮೆ. ಇಷ್ಟು ಅಗ್ಗವಾಗಲು ಕಾರಣವೊಂದಿದೆ.

ಸೂಪರ್ ಟಾಪ್‌ಅಪ್‌ಗೆ ಒಂದು ಆರಂಭಿಕ ಮಿತಿ ಇರುತ್ತದೆ. ಪಾಲಿಸಿಯಲ್ಲಿ ಇದನ್ನು ‘ಡಿಡಕ್ಟಿಬಲ್’ ಎನ್ನುತ್ತಾರೆ. ವರ್ಷದ ಆಸ್ಪತ್ರೆ ಖರ್ಚೆಲ್ಲ ಸೇರಿ ಆ ಮಿತಿ ದಾಟಿದ ಮೇಲಷ್ಟೇ ಅದು ಹಣ ಕೊಡುತ್ತದೆ. ಮಿತಿಯೊಳಗಿನ ಖರ್ಚನ್ನು ಬೇರೆ ವಿಮೆ ಕೊಟ್ಟರೂ ಸರಿ, ಮನೆಯವರು ಕೈಯಿಂದ ಕಟ್ಟಿದರೂ ಸರಿ. ಮಿತಿ ಹೆಚ್ಚಿದಷ್ಟೂ ಪ್ರೀಮಿಯಂ ಇಳಿಯುತ್ತದೆ, ಏಕೆಂದರೆ ಸಣ್ಣ ಪುಟ್ಟ ಬಿಲ್ಲುಗಳು ಆ ಕಂಪನಿಯ ಹತ್ತಿರ ಬರುವುದೇ ಇಲ್ಲ.

ಲೆಕ್ಕಕ್ಕೆ ವಿದ್ಯಾನಗರದ ನಾಲ್ಕು ಜನರ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ ಕಂಪನಿಯಿಂದ ಇಡೀ ಮನೆಗೆ 3 ಲಕ್ಷದ ವಿಮೆ. ಪ್ರೀಮಿಯಂ ಇನ್ನೂ ಕಡಿಮೆಯಾಗಲಿ ಎಂದು 5 ಲಕ್ಷ ಮಿತಿಯ, 20 ಲಕ್ಷದ ಸೂಪರ್ ಟಾಪ್‌ಅಪ್ ಕೊಂಡರು. ಆ ವರ್ಷ ಮೊದಲು ಮಗಳಿಗೆ ಡೆಂಗಿ, 60,000 ರೂಪಾಯಿ. ನಂತರ ಯಜಮಾನರ ಹೃದಯ ಶಸ್ತ್ರಚಿಕಿತ್ಸೆ, 3,80,000. ಕೊನೆಗೆ ಪತ್ನಿಯ ಶಸ್ತ್ರಚಿಕಿತ್ಸೆ, 2,40,000. ಒಟ್ಟು 6,80,000.

ಕಂಪನಿ ವಿಮೆ ಮೊದಲ ಬಿಲ್ಲನ್ನು ಪೂರ್ತಿ ಕೊಟ್ಟಿತು, ಎರಡನೆಯದರಲ್ಲಿ 2,40,000 ಕೊಟ್ಟು ಮುಗಿಯಿತು. ಉಳಿದ 1,40,000 ಮನೆಯವರ ಕೈಯಿಂದ ಹೋಯಿತು. ಅಲ್ಲಿಗೆ ಒಟ್ಟು ಖರ್ಚು 4,40,000 ಮಾತ್ರ, 5 ಲಕ್ಷ ಇನ್ನೂ ಮುಟ್ಟಿಲ್ಲ. ಆದ್ದರಿಂದ ಮೂರನೆಯ ಬಿಲ್ಲಿನ ಮೊದಲ 60,000 ಕೂಡ ಅವರದೇ. ಬಾಕಿ 1,80,000 ಸೂಪರ್ ಟಾಪ್‌ಅಪ್‌ನಿಂದ ಬಂತು. ಎರಡು ವಿಮೆ ಇದ್ದೂ ಕೈಯಿಂದ ಹೋದದ್ದು 2 ಲಕ್ಷ, ಅಂದರೆ 3 ಮತ್ತು 5 ಲಕ್ಷದ ನಡುವಿನ ಅಂತರದಷ್ಟೇ. ಮಿತಿಯನ್ನು 3 ಲಕ್ಷಕ್ಕೆ ಇಟ್ಟಿದ್ದರೆ, ಪ್ರೀಮಿಯಂ ಸ್ವಲ್ಪ ಹೆಚ್ಚಾಗುತ್ತಿತ್ತು, ಈ 2 ಲಕ್ಷ ಉಳಿಯುತ್ತಿತ್ತು.

ಹೆಸರಿನಲ್ಲಿ ‘ಸೂಪರ್’ ಇದೆಯೇ ಎಂದೂ ನೋಡಬೇಕು. ಬರೀ ‘ಟಾಪ್‌ಅಪ್’ ಆದರೆ ಮಿತಿಯನ್ನು ಪ್ರತಿ ಬಿಲ್ಲಿಗೂ ಬೇರೆಬೇರೆಯಾಗಿ ಹಿಡಿಯುತ್ತಾರೆ. ಮೇಲಿನ ಮೂರರಲ್ಲಿ ಯಾವ ಬಿಲ್ಲೂ ಒಂಟಿಯಾಗಿ 5 ಲಕ್ಷ ದಾಟಿಲ್ಲವಾದ್ದರಿಂದ ಅದರಿಂದ ಒಂದು ರೂಪಾಯಿಯೂ ಬರುತ್ತಿರಲಿಲ್ಲ.

ಈ ಲೆಕ್ಕ ಕಾಗದದ ಮೇಲೆ ಕಾಣುವಷ್ಟು ನೇರವಾಗಿ ನಡೆಯದಿರಲೂಬಹುದು. ಒಟ್ಟು ಖರ್ಚನ್ನು ಸೂಪರ್ ಟಾಪ್‌ಅಪ್ ಕಂಪನಿ ತನ್ನ ಪಾಲಿಸಿ ವರ್ಷದಲ್ಲಿ ಎಣಿಸುತ್ತದೆ. ಕಂಪನಿ ವಿಮೆ ಏಪ್ರಿಲ್‌ಗೆ, ಇದು ಅಕ್ಟೋಬರ್‌ಗೆ ನವೀಕರಣವಾಗುತ್ತಿದ್ದರೆ ಆಗಸ್ಟ್‌ನ ಬಿಲ್ಲು ನವೆಂಬರ್‌ನ ಬಿಲ್ಲಿನ ಜೊತೆ ಸೇರುವುದಿಲ್ಲ. ಎರಡರ ತಾರೀಖೂ ಹತ್ತಿರ ಇರುವಂತೆ ಕೊಳ್ಳುವುದು ಲೇಸು. ಮೊದಲ ಬಿಲ್ಲಿನ ಅಸಲು ಕಾಗದಗಳು ಕಂಪನಿ ವಿಮೆಯವರ ಬಳಿ ಹೋಗಿರುತ್ತವೆ. ಅವುಗಳ ದೃಢೀಕೃತ ನಕಲು ಮತ್ತು ಎಷ್ಟು ಹಣ ಕೊಟ್ಟರೆಂಬ ಪತ್ರವನ್ನು ಡೆಂಗಿಯಂಥ ಸಣ್ಣ ಬಿಲ್ಲಿಗೂ ತೆಗೆದಿಡಬೇಕು. ಮಿತಿ ದಾಟಿತೆಂದು ತೋರಿಸಲು ಬೇಕಾಗುವುದು ಅದೇ.

ಇದಕ್ಕಿಂತ ದೊಡ್ಡ ಪ್ರಶ್ನೆ ಕೆಲಸ ಹೋದಾಗಿನದು. ಹತ್ತಿ ಗಿರಣಿಗಳು ಮುಚ್ಚಿದ್ದನ್ನೂ ಹರಿಹರದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿದ್ದನ್ನೂ ಕಂಡ ಊರಿದು. ನೌಕರಿ ಬಿಟ್ಟರೆ ಅಥವಾ ನಿವೃತ್ತರಾದರೆ ಸಾಮಾನ್ಯವಾಗಿ ಕಂಪನಿ ವಿಮೆಯೂ ನಿಲ್ಲುತ್ತದೆ, ಸೂಪರ್ ಟಾಪ್‌ಅಪ್ ಮಾತ್ರ ಉಳಿಯುತ್ತದೆ. ಆಗ ಮೊದಲ 5 ಲಕ್ಷವೂ ಪೂರ್ತಿ ಮನೆಯವರ ಮೇಲೆ. ಐವತ್ತೈದರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಸೇರಿಕೊಂಡ ಮೇಲೆ ಹೊಸ ಮೂಲ ಪಾಲಿಸಿ ಕೇಳಿದರೆ ಕಂಪನಿ ನಿರಾಕರಿಸಬಹುದು. ಕೊಟ್ಟರೂ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶವಿದೆ, ಆದರೆ ಅದನ್ನು ಒಪ್ಪುವುದು ಬಿಡುವುದು ಅವರ ಪರಿಶೀಲನೆಗೆ ಬಿಟ್ಟದ್ದು.

ಆದ್ದರಿಂದ ಬರೀ ಕಂಪನಿ ವಿಮೆಯ ಮೇಲೆ ಎತ್ತರದ ಮಿತಿಯ ಪಾಲಿಸಿ ಕೂರಿಸುವುದು ಇಪ್ಪತ್ತೆಂಟರ ಆರೋಗ್ಯವಂತ ಯುವಕನಿಗೆ ಕೆಲವು ವರ್ಷದ ಮಟ್ಟಿಗೆ ನಡೆಯಬಹುದು, ಅದೂ ಅಂತರದ ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇದ್ದರೆ. ನಲವತ್ತು ಸಮೀಪಿಸಿದವರು ಸ್ವಂತ ಹೆಸರಿನಲ್ಲಿ 5 ಲಕ್ಷದ ಮೂಲ ಪಾಲಿಸಿ ಮಾಡಿ, ಅದರ ಮೇಲೆ 5 ಲಕ್ಷ ಮಿತಿಯ ಸೂಪರ್ ಟಾಪ್‌ಅಪ್ ಇಟ್ಟುಕೊಂಡರೆ ಕಂಪನಿ ವಿಮೆ ಇದ್ದರೂ ಹೋದರೂ ಅಂತರ ಬೀಳುವುದಿಲ್ಲ. ಒಂದೇಸಲ ಅಷ್ಟು ಪ್ರೀಮಿಯಂ ಭಾರವೆನಿಸಿದರೆ 20 ಲಕ್ಷದ ಬದಲು 10 ಲಕ್ಷದ ಸೂಪರ್ ಟಾಪ್‌ಅಪ್ ಸಾಕು, ಮೂಲ ಪಾಲಿಸಿಯನ್ನು ಮಾತ್ರ ಬಿಡಬಾರದು.