ಆರು ತಿಂಗಳ ಕರಾರಿಗೆ ಸಹಿ ಹಾಕುವ ಮುನ್ನ

ಪೆರ್ನಾಲ್ ಹತ್ತಿರ ಬಂತೆಂದರೆ ರೀಲ್ಸ್ ಮಾಡುವ ನಮ್ಮ ಮಕ್ಕಳಿಗೆ ಬಟ್ಟೆ ಅಂಗಡಿಗಳಿಂದ ಕರೆ ಬರುತ್ತದೆ. ಹೆಚ್ಚಿನವರು ಕೇಳುವುದು ಒಂದೇ ರೀಲ್. ದುಡ್ಡು ಕೈಗೆ ಬಂದರೆ ವ್ಯವಹಾರ ಮುಗಿಯಿತು. ಕೆಲವರು ಮಾತ್ರ "ಆರು ತಿಂಗಳು ನಮ್ಮ ಬ್ರ್ಯಾಂಡ್ ಅಂಬಾಸಿಡರ್ ಆಗಿ" ಅಂತ ಕೇಳುತ್ತಾರೆ. ಅದೇ ಮುಖವನ್ನು ಜನ ಮತ್ತೆ ಮತ್ತೆ ನೋಡಿದಾಗ ಅಂಗಡಿಯ ಹೆಸರು ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಹಾಗಾದರೆ ನಮ್ಮ ಲೆಕ್ಕ ಏನು?

ಒಂದು ಉದಾಹರಣೆ ನೋಡೋಣ. ಒಬ್ಬ ಹುಡುಗಿಗೆ ತಿಂಗಳಿಗೆ ಮೂರು ಬಟ್ಟೆ ಅಂಗಡಿಗಳ ರೀಲ್ಸ್ ಸಿಗುತ್ತವೆ, ಒಂದಕ್ಕೆ 5,000 ರೂಪಾಯಿ. ಅಂದರೆ ತಿಂಗಳಿಗೆ 15,000. ಈಗ ಒಂದು ಅಬಾಯಾ ಅಂಗಡಿಯವರು ಆರು ತಿಂಗಳ ಕರಾರು ತರುತ್ತಾರೆ: ತಿಂಗಳಿಗೆ ಎರಡು ರೀಲ್ಸ್, 12,000 ರೂಪಾಯಿ. ರೀಲ್ ಒಂದಕ್ಕೆ ಸಾವಿರ ಹೆಚ್ಚೇ ಆಯ್ತು. ಆದರೆ ಕರಾರಿನಲ್ಲಿ "ಬೇರೆ ಯಾವ ಬಟ್ಟೆ ಅಂಗಡಿಗೂ ಪ್ರಚಾರ ಮಾಡಬಾರದು" ಅಂತ ಒಂದು ಸಾಲಿದೆ. ಸಹಿ ಹಾಕಿದರೆ ಆರು ತಿಂಗಳಿಗೆ ಬರುವುದು 72,000, ಕಳೆದುಕೊಳ್ಳುವುದು 90,000. 18,000 ನಷ್ಟ!

ಅದೇ ಸಾಲಿನಲ್ಲಿ "ಬಟ್ಟೆ" ತೆಗೆದು "ಅಬಾಯಾ" ಅಂತ ಬರೆಸಿದರೆ? ಮೂರರಲ್ಲಿ ಒಂದು ಅಬಾಯಾ ಅಂಗಡಿಯದು ಎಂದುಕೊಂಡರೆ ಅದೊಂದು ಮಾತ್ರ ಹೋಗುತ್ತದೆ. ಉಳಿದ ಎರಡರ 10,000 ಸೇರಿ ತಿಂಗಳಿಗೆ 22,000. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ತಿಂಗಳ ಮೊತ್ತ ಹೆಚ್ಚಿಸಲು ಕೇಳಬೇಕು, ಇಲ್ಲವೇ ಬಿಡಿ ರೀಲ್ಸ್‌ನಲ್ಲೇ ಮುಂದುವರಿಯುವುದು ಲೇಸು.

ಎರಡನೆಯದು, ವೀಡಿಯೊ ಬಳಕೆ. ನಮ್ಮ ಪುಟದಲ್ಲಿ ಹಾಕುವುದು ಒಂದು ಕೆಲಸ. ಅದನ್ನೇ ಅಂಗಡಿಯವರು ತಮ್ಮ ಜಾಹೀರಾತಿಗೆ, ಫ್ಲೆಕ್ಸ್‌ಗೆ ಬಳಸುವುದು ಬೇರೆಯೇ ಕೆಲಸ. ಎಲ್ಲಿ, ಎಷ್ಟು ದಿನ ಬಳಸಬಹುದು ಎಂದು ಬರೆದಿರದಿದ್ದರೆ ಕರಾರು ಮುಗಿದ ಮೇಲೂ ಮಗಳ ಮುಖ ಫ್ಲೆಕ್ಸ್‌ನಲ್ಲಿ ಉಳಿದೀತು. ಆಗ ಮತ್ತೊಂದು ಅಬಾಯಾ ಅಂಗಡಿ ಕರೆಯಲು ಹಿಂಜರಿಯುತ್ತದೆ. ಆದ್ದರಿಂದ "ಕರಾರಿನ ಅವಧಿವರೆಗೆ ಮಾತ್ರ, ನಂತರ ಬಳಸಿದರೆ ಬೇರೆ ಹಣ" ಎಂದು ಸೇರಿಸಬೇಕು.

ಮೂರನೆಯದು, ನಡುವೆ ನಿಂತರೆ ಏನು? ಆಯಾ ತಿಂಗಳ ಹಣ ಯಾವ ತಾರೀಕಿನೊಳಗೆ, ಎಷ್ಟು ಸಲ ತಿದ್ದಿಕೊಡಬೇಕು, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಕಾಗದದಲ್ಲಿರಲಿ. ಮಾಡಿಕೊಟ್ಟ ರೀಲ್ಸ್‌ನ ಹಣ ಯಾವ ಕಾರಣಕ್ಕೂ ತಡೆಯಬಾರದು ಅಂತಲೂ ಇರಲಿ.

ಬಿಡಿ ರೀಲ್ ಆಗಲಿ, ಆರು ತಿಂಗಳಾಗಲಿ, ಹಣ ಪಡೆದ ಪ್ರಚಾರದಲ್ಲಿ "ಜಾಹೀರಾತು" ಎಂದು ಎದ್ದು ಕಾಣುವಂತೆ ತಿಳಿಸಬೇಕು. ಉಚಿತವಾಗಿ ಸಿಕ್ಕ ಅಬಾಯಾಕ್ಕೂ ಇದೇ ನಿಯಮ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಹೀಗಾಗಿ "ಜಾಹೀರಾತು ಅಂತ ಹಾಕಬೇಡಿ" ಎನ್ನುವ ಅಂಗಡಿಯ ಕರಾರಿಗೆ ಸಹಿ ಬೇಡ.

ಹೊಸ ಅಂಗಡಿಯಾದರೆ ಮೊದಲು ಒಂದೇ ರೀಲ್ ಮಾಡಿ ನೋಡುವುದು ಒಳ್ಳೆಯದು. ಹೇಳಿದ ದಿನ ಹಣ ಬಂತೇ, ಎಷ್ಟು ಸಲ ತಿದ್ದಿಸಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆರು ತಿಂಗಳ ಮಾತು ಆಮೇಲೆ.